ಗೇಟಿನಿಂದ ಕಿಡ್ನಿ ವಿಭಾಗದ ಬಾಗಿಲವರೆಗೆ

ಪ್ರಶ್ನೆ: ನಮ್ಮದು ಮಧುಗಿರಿ ಕಡೆ. ಅಪ್ಪನಿಗೆ 71 ವರ್ಷ. ಕಿಡ್ನಿ ತೊಂದರೆ ಅಂತ ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ ‘ನೆಫ್ರೋ ಯುರಾಲಜಿ, ವಿಕ್ಟೋರಿಯಾ ಕ್ಯಾಂಪಸ್’ ಅಂತ ಅಷ್ಟೇ ಇದೆ. ಅಪ್ಪ ಜಾಸ್ತಿ ನಡೆಯಲಾರರು, ಕಾಲು ಊದಿಕೊಂಡಿದೆ. ಹಿಂದೆ ಬೇರೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಗೇಟಿನಿಂದ ವಿಭಾಗ ಹುಡುಕುವಷ್ಟರಲ್ಲಿ ಕೌಂಟರೇ ಮುಚ್ಚಿಹೋಗಿತ್ತು. ಈ ಸಲ ಸುತ್ತಾಡದೆ ನೇರವಾಗಿ ಹೋಗೋದು ಹೇಗೆ?

ಉತ್ತರ:

ಮೊದಲು ನಿಮ್ಮ ಕೈಯಲ್ಲಿರುವ ಚೀಟಿಯನ್ನೇ ಇನ್ನೊಮ್ಮೆ ಓದೋಣ. ನಾನು ಬಹಳ ವರ್ಷ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದ್ದೇನೆ. ದಾರಿ ತಪ್ಪಿ ಬಂದವರನ್ನು ಕೂರಿಸಿ ಕೇಳಿದಾಗ ಬಹಳಷ್ಟು ಸಲ ಗೊತ್ತಾಗುತ್ತಿದ್ದುದು ಒಂದೇ. ಅವರು ಕಾಲಿನಲ್ಲಿ ದಾರಿ ತಪ್ಪುವ ಮೊದಲು ಹೆಸರಿನಲ್ಲಿ ತಪ್ಪಿರುತ್ತಿದ್ದರು.

ನಾವೆಲ್ಲ ‘ವಿಕ್ಟೋರಿಯಾ’ ಅಂತ ಒಂದೇ ಹೆಸರಿನಲ್ಲಿ ಕರೆಯುವ ಜಾಗ ಒಂದು ಆಸ್ಪತ್ರೆ ಅಲ್ಲ, ಹಲವು ಆಸ್ಪತ್ರೆಗಳ ಊರು. ಹಳೆಯ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಹಾಕಿದರು, 1900ರಲ್ಲಿ ಅದು ಶುರುವಾಯಿತು. ಆಮೇಲೆ 1935ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ವಾಣಿ ವಿಲಾಸ ಬಂತು. ಅಲ್ಲಿಂದ ಮುಂದೆ ಒಂದೊಂದೇ ಕಟ್ಟಡ ಸೇರುತ್ತಾ ಹೋಯಿತು. ಅಪಘಾತ ಮತ್ತು ತುರ್ತು ಚಿಕಿತ್ಸೆಗೆ ಟ್ರಾಮಾ ಕೇಂದ್ರ, ದೊಡ್ಡ ಕಾಯಿಲೆಗಳಿಗೆ ಪಿಎಂಎಸ್‌ಎಸ್‌ವೈ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಹಲ್ಲಿಗೆ ಸರ್ಕಾರಿ ದಂತ ಕಾಲೇಜು, ಕಿಡ್ನಿಗೆ ನೆಫ್ರೋ ಯುರಾಲಜಿ ಸಂಸ್ಥೆ. ಕಣ್ಣಿನ ಮಿಂಟೋ ಆಸ್ಪತ್ರೆಯನ್ನೂ ಜನ ಇದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಅದರ ಆವರಣವೇ ಬೇರೆ.

ನಿಮಗೆ ಬೇಕಾಗಿರುವುದು ಇದರಲ್ಲಿ ನೆಫ್ರೋ ಯುರಾಲಜಿ ಸಂಸ್ಥೆ. ಅದು ವಿಕ್ಟೋರಿಯಾ ಆವರಣದ ಒಳಗೇ ಇದ್ದರೂ ತನ್ನದೇ ಆಡಳಿತ ಇರುವ ಬೇರೆ ಸಂಸ್ಥೆ. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ನಿಮ್ಮ ಇಡೀ ಬೆಳಗ್ಗೆ ಇದರ ಮೇಲೆಯೇ ನಿಂತಿದೆ. ಒಂದು ಸಂಸ್ಥೆಯ ಕೌಂಟರಿನಲ್ಲಿ ಮಾಡಿಸಿದ ಓಪಿಡಿ ಚೀಟಿ ಪಕ್ಕದ ಸಂಸ್ಥೆಯಲ್ಲಿ ನಡೆಯುತ್ತದೆ ಅಂತ ನಂಬಿಕೊಳ್ಳಬಾರದು. ಜನ ಗೇಟಿನ ಒಳಗೆ ಬಂದು, ಮೊದಲು ಕಾಣುವ ದೊಡ್ಡ ಸಾಲಿನಲ್ಲಿ ನಿಂತುಬಿಡುತ್ತಾರೆ. ಮುಕ್ಕಾಲು ಗಂಟೆ ನಿಂತು ಕಿಟಕಿ ಹತ್ತಿರ ಬಂದಾಗ ‘ಇದು ಇಲ್ಲಿ ಅಲ್ಲ, ಆ ಕಡೆ ಹೋಗಿ’ ಎಂಬ ಮಾತು ಬರುತ್ತದೆ. ನಿಮಗೆ ಹಿಂದಿನ ಸಲ ಕೌಂಟರ್ ಮುಚ್ಚಿದ್ದಕ್ಕೂ ಇಂಥದ್ದೇ ಏನೋ ಕಾರಣ ಇದ್ದೀತು.

ಹಾಗಾಗಿ ಹಿಂದಿನ ದಿನವೇ ಸಂಸ್ಥೆಗೆ ಫೋನ್ ಮಾಡಿ ಮೂರು ವಿಷಯ ಕೇಳಿಟ್ಟುಕೊಳ್ಳಿ. ಹೊಸ ರೋಗಿಯ ನೋಂದಣಿ ಯಾವ ಕಟ್ಟಡದ ಯಾವ ಮಹಡಿಯಲ್ಲಿ? ನೋಂದಣಿ ಎಷ್ಟು ಗಂಟೆಗೆ ನಿಲ್ಲುತ್ತದೆ? ಅಪ್ಪನ ಚೀಟಿ ಯಾವ ಡಾಕ್ಟರಿಗೆ, ಅವರು ಕೂರುವ ದಿನ ಯಾವುದು? ಕೊನೆಯದನ್ನು ಬಿಡಬೇಡಿ. ದೊಡ್ಡ ಕಾಲೇಜು ಆಸ್ಪತ್ರೆಗಳಲ್ಲಿ ಡಾಕ್ಟರುಗಳನ್ನು ಯೂನಿಟ್ ಅಂತ ಹಂಚಿರುತ್ತಾರೆ. ಒಂದೊಂದು ಯೂನಿಟ್ಟಿಗೆ ವಾರದಲ್ಲಿ ಇಂತಿಂಥ ದಿನ ಓಪಿಡಿ ಅಂತ ಗೊತ್ತುಮಾಡಿರುತ್ತಾರೆ. ಕಟ್ಟಡ ಸರಿಯಾಗಿ ಸಿಕ್ಕಿ, ದಿನ ತಪ್ಪಾದರೆ ಮಧುಗಿರಿಯಿಂದ ಬಂದದ್ದು ವ್ಯರ್ಥ ಅಲ್ವಾ?

ಇನ್ನು ಚೀಟಿಯಲ್ಲಿರುವ ಆ ಪದ. ಗೇಟಿನಲ್ಲಿ ನಿಂತು ‘ನೆಫ್ರೋ ಎಲ್ಲಿ?’ ಅಂತ ಕೇಳಬೇಡಿ. ಸುತ್ತ ಹಾರ್ನ್ ಸದ್ದು, ಆಟೋ ಸದ್ದು, ಹತ್ತು ಜನ ಒಟ್ಟಿಗೇ ಕೇಳುತ್ತಿರುತ್ತಾರೆ. ಸೆಕ್ಯೂರಿಟಿಯವರಿಗೆ ‘ನೆಫ್ರೋ’ ಅನ್ನುವುದು ‘ನ್ಯೂರೋ’ ಅಂತ ಕೇಳಿಸುತ್ತದೆ. ಅದು ನರ ಮತ್ತು ಮೆದುಳಿನ ವಿಭಾಗ. ಅವರು ಪಾಪ, ಕೇಳಿಸಿದ್ದಕ್ಕೆ ಸರಿಯಾಗಿಯೇ ಕೈ ತೋರಿಸುತ್ತಾರೆ, ನೀವು ಬೇರೆ ಕಟ್ಟಡಕ್ಕೆ ಹೋಗುತ್ತೀರಿ. ಈ ಎರಡು ಹೆಸರುಗಳಿಂದ ಅಡ್ಡದಾರಿ ಹಿಡಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ‘ಕಿಡ್ನಿ ಆಸ್ಪತ್ರೆ ಎಲ್ಲಿ?’ ಅಂತ ಕೇಳಿ. ಕಿಡ್ನಿ ಅಂದರೆ ಕಸ ಗುಡಿಸುವವರಿಗೂ ಗೊತ್ತು, ಚಹಾ ಮಾರುವವರಿಗೂ ಗೊತ್ತು. ಕೇಳುವಾಗ ಚೀಟಿಯನ್ನೂ ತೋರಿಸಿ.

ಇಂಥ ಇನ್ನೂ ಕೆಲವು ಜೋಡಿಗಳಿವೆ, ಇವತ್ತಲ್ಲ ನಾಳೆ ನಿಮಗೆ ಎದುರಾಗುತ್ತವೆ. ಚೀಟಿಯಲ್ಲಿ ‘ಮೆಡಿಕಲ್ ಓಪಿಡಿ’ ಅಂತ ಬರೆದರೆ ಅದು ಜ್ವರ, ಶುಗರ್, ಬಿಪಿ ನೋಡುವ ಡಾಕ್ಟರುಗಳ ವಿಭಾಗ. ಆದರೆ ನಮ್ಮ ಮಾತಿನಲ್ಲಿ ಮೆಡಿಕಲ್ ಅಂದರೆ ಔಷಧಿ ಅಂಗಡಿ. ‘ಮೆಡಿಕಲ್ ಎಲ್ಲಿ?’ ಅಂತ ಕೇಳಿದರೆ ಗೇಟಿನ ಹೊರಗಿನ ಅಂಗಡಿ ತೋರಿಸುತ್ತಾರೆ. ‘ರೇಡಿಯಾಲಜಿ’ ಅಂದರೆ ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡುವ ಜಾಗ. ‘ರೇಡಿಯೋಥೆರಪಿ’ ಅಂದರೆ ಕ್ಯಾನ್ಸರಿಗೆ ಕರೆಂಟ್ ಕೊಡುವುದು ಅಂತ ಜನ ಹೇಳುತ್ತಾರಲ್ಲ, ಅದು. ಸ್ಕ್ಯಾನಿಂಗಿಗೆ ಬಂದ ಒಬ್ಬ ಅಜ್ಜಿಯನ್ನು ಆ ಬಾಗಿಲಿಗೆ ಕಳಿಸಿದ್ದರು. ಬೋರ್ಡು ಓದಿದ ಮೊಮ್ಮಗ ಅಜ್ಜಿಗೆ ಕ್ಯಾನ್ಸರೇ ಇದೆ ಅಂತ ಅಂದುಕೊಂಡು ಅಲ್ಲೇ ಕುಸಿದು ಕೂತಿದ್ದ. ಅವನನ್ನು ಸಮಾಧಾನ ಮಾಡಲು ನನಗೆ ಅರ್ಧ ಗಂಟೆ ಹಿಡಿಯಿತು. ಹೆಸರು ಸರಿಯಾಗಿ ಕೇಳಿಸಿಕೊಳ್ಳಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಈಗ ದಾರಿ. ನೀವು ಮಧುಗಿರಿಯಿಂದ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತೀರಿ ಅಂತ ಇಟ್ಟುಕೊಳ್ಳೋಣ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ಹಿಡಿಯಿರಿ. ದಕ್ಷಿಣದ ಕಡೆಗೆ ಹೋಗುವ ರೈಲು. ಚಿಕ್ಕಪೇಟೆ ಆದ ಮೇಲೆ ಬರುವುದೇ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ಎರಡನೆಯದು. ಮಾರ್ಕೆಟ್ ಸುತ್ತಿನ ಟ್ರಾಫಿಕ್ಕಿನಲ್ಲಿ ಆಟೋ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಇದು ಮೇಲು. ನಿಲ್ದಾಣ ನೆಲದ ಅಡಿಯಲ್ಲಿದೆ, ಲಿಫ್ಟ್ ಇದೆ. ಮೇಲೆ ಬರುವ ಮೊದಲೇ ಅಲ್ಲಿನ ಸಿಬ್ಬಂದಿಯನ್ನು ‘ವಿಕ್ಟೋರಿಯಾ ಆಸ್ಪತ್ರೆ ಕಡೆ ಲಿಫ್ಟ್ ಯಾವುದು?’ ಅಂತ ಕೇಳಿ. ತಪ್ಪು ಕಡೆ ಮೇಲೆ ಬಂದರೆ ಆ ರಸ್ತೆಯನ್ನು ಅಪ್ಪನ ಜೊತೆ ದಾಟಬೇಕಾಗುತ್ತದೆ. ಆವರಣದ ಒಳಗಿನ ಅರ್ಧ ಕಿಲೋಮೀಟರಿಗಿಂತ ಆ ಒಂದು ರಸ್ತೆ ಕಷ್ಟ.

ಗೇಟಿನಿಂದ ಮುಂದಿನ ದಾರಿಯನ್ನು ‘ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ’ ಅಂತ ನಾನು ಬರೆದುಕೊಡುವುದಿಲ್ಲ. ಅದಕ್ಕೆ ಕಾರಣ ಇದೆ. ಇಂಥ ಹಳೆಯ ಆವರಣಗಳಲ್ಲಿ ಒಂದಲ್ಲ ಒಂದು ಕಡೆ ಕೆಲಸ ನಡೆಯುತ್ತಲೇ ಇರುತ್ತದೆ. ಇವತ್ತು ತೆರೆದ ಗೇಟು ನಾಳೆ ಆಂಬುಲೆನ್ಸಿಗೆ ಮಾತ್ರ ಅಂತ ಆಗುತ್ತದೆ. ಒಂದು ಮೂಲೆಗೆ ತಗಡಿನ ಬೇಲಿ ಬೀಳುತ್ತದೆ. ಬರೆದುಕೊಂಡ ತಿರುವುಗಳಲ್ಲಿ ಒಂದು ತಪ್ಪಿದರೂ ಮಿಕ್ಕಿದ್ದೆಲ್ಲ ಕೆಲಸಕ್ಕೆ ಬಾರದು. ಅದರ ಬದಲು ದಾರಿಯನ್ನು ತುಂಡು ಮಾಡಿಕೊಳ್ಳುವುದನ್ನು ಹೇಳುತ್ತೇನೆ.

ಮನೆಯಲ್ಲಿ ಕೂತು ಫೋನಿನ ಮ್ಯಾಪ್ ತೆರೆಯಿರಿ. ಸಂಸ್ಥೆಯ ಹೆಸರು ಹುಡುಕಿ. ಸಿಗುವ ಗುರುತು ಹೆಚ್ಚಾಗಿ ಕಟ್ಟಡದ ನಡುವೆ ಕೂತಿರುತ್ತದೆ. ಬಾಗಿಲು ಯಾವ ಕಡೆ ಅಂತ ಅದು ಹೇಳುವುದಿಲ್ಲ. ಉಪಗ್ರಹದ ಚಿತ್ರಕ್ಕೆ ಬದಲಾಯಿಸಿ ದೊಡ್ಡದು ಮಾಡಿ ನೋಡಿ. ಆಂಬುಲೆನ್ಸ್, ಕಾರು ನಿಂತಿರುವ ಕಡೆ, ಮುಂದೆ ಚಾವಣಿ ಚಾಚಿರುವ ಕಡೆ ಬಾಗಿಲು ಇರುವುದು ಜಾಸ್ತಿ. ಜನ ಹಾಕಿದ ಫೋಟೋಗಳಲ್ಲೂ ಬಾಗಿಲು, ಬೋರ್ಡು ಕಾಣುತ್ತದೆ. ಆಮೇಲೆ ದಾರಿ ಕೇಳುವಾಗ ‘ನಡಿಗೆ’ ಆಯ್ಕೆ ಮಾಡಿ. ಕಾರಿನ ದಾರಿ ಇಟ್ಟುಕೊಂಡು ನಡೆಯಲು ಹೊರಟವರನ್ನು ಮ್ಯಾಪ್ ಇಡೀ ಆವರಣವನ್ನು ಹೊರಗಿನಿಂದ ಸುತ್ತಿಸಿ ಹಿಂದಿನ ಗೇಟಿಗೆ ಕರೆದೊಯ್ದದ್ದು ಉಂಟು.

ಇನ್ನೊಂದು ತಪ್ಪನ್ನು ಮ್ಯಾಪ್ ಆಗಾಗ ಮಾಡುತ್ತದೆ. ಒಳಗಿನ ಕಾಲುದಾರಿ ಅದಕ್ಕೆ ಗೊತ್ತಿಲ್ಲದಿದ್ದರೆ, ಕಟ್ಟಡಕ್ಕೆ ಹತ್ತಿರ ಇರುವ ರಸ್ತೆಯ ತನಕ ಕರೆದುಕೊಂಡು ಹೋಗಿ ‘ತಲುಪಿದಿರಿ’ ಅನ್ನುತ್ತದೆ. ಆ ರಸ್ತೆ ಕಾಂಪೌಂಡಿನ ಹೊರಗೆ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ನೀವು ಗೋಡೆಯ ಈ ಕಡೆ, ಆಸ್ಪತ್ರೆ ಗೋಡೆಯ ಆ ಕಡೆ. ಇದನ್ನು ಮೊದಲೇ ಕಂಡುಹಿಡಿಯಬಹುದು. ಮ್ಯಾಪಿನ ದಾರಿ ಗೆರೆ ಕೊನೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಟ್ಟಡದ ಕಡೆ ಹಾರಿದ್ದರೆ, ಆ ಚುಕ್ಕಿಗಳ ಜಾಗದಲ್ಲಿ ಗೋಡೆ ಇದೆಯೋ ದಾರಿ ಇದೆಯೋ ನೀವೇ ಹಿಗ್ಗಿಸಿ ನೋಡಬೇಕು. ಅದಕ್ಕೇ ಫೋನಿನಲ್ಲಿ ಎರಡು ಗುರುತು ಉಳಿಸಿಕೊಳ್ಳಿ. ಒಂದು ಗೇಟಿಗೆ, ಇನ್ನೊಂದು ಬಾಗಿಲಿಗೆ. ಮೊದಲು ಗೇಟಿಗೆ ದಾರಿ ಕೇಳಿ. ಗೇಟಿನೊಳಗೆ ಕಾಲಿಟ್ಟ ಮೇಲೆ ಬಾಗಿಲಿಗೆ ಕೇಳಿ.

ಒಳಗೆ ಬಂದ ಮೇಲೆ ಮ್ಯಾಪಿನ ನೀಲಿ ಚುಕ್ಕಿಯನ್ನು ತುಂಬ ನಂಬಬೇಡಿ. ಎತ್ತರದ ಕಟ್ಟಡಗಳ ನಡುವೆ ಅದು ಅತ್ತಿತ್ತ ಜಿಗಿಯುತ್ತದೆ. ನಿಂತಲ್ಲೇ ನಿಂತು ಫೋನ್ ತಿರುಗಿಸುತ್ತಾ ಇದ್ದರೆ ದಿಕ್ಕು ಇನ್ನೂ ಗೊಂದಲ ಆಗುತ್ತದೆ. ಇಪ್ಪತ್ತು ಮೂವತ್ತು ಹೆಜ್ಜೆ ಒಂದೇ ನೇರಕ್ಕೆ ನಡೆದು ನೋಡಿ. ಚುಕ್ಕಿ ಗುರುತಿನ ಕಡೆ ಸಾಗುತ್ತಿದೆಯೋ ದೂರ ಆಗುತ್ತಿದೆಯೋ ಆಗ ತಿಳಿಯುತ್ತದೆ. ಈ ಇಪ್ಪತ್ತು ಹೆಜ್ಜೆಯನ್ನು ನೀವೊಬ್ಬರೇ ಹೋಗಿ ನೋಡಿ ಬನ್ನಿ. ಅಪ್ಪ ಅಷ್ಟರವರೆಗೆ ನೆರಳಿನಲ್ಲಿ ಕೂತಿರಲಿ.

ಮುಂದಿನದು ಬೋರ್ಡುಗಳು. ದೊಡ್ಡ ಆವರಣದಲ್ಲಿ ಬೋರ್ಡು ಅನ್ನುವುದು ಒಂದು ಸರಪಳಿ. ಗೇಟಿನ ಹತ್ತಿರದ ದೊಡ್ಡ ಬೋರ್ಡಿನಲ್ಲಿ ಹತ್ತಿಪ್ಪತ್ತು ಹೆಸರು ಇರುತ್ತದೆ. ಮುಂದಿನ ಕವಲಿನಲ್ಲಿ ಅದರಲ್ಲಿ ಕೆಲವು ಹೆಸರು, ಅದರ ಮುಂದೆ ಇನ್ನೂ ಕೆಲವು. ಮೊದಲ ಬೋರ್ಡಿನಲ್ಲಿ ನಿಮ್ಮ ವಿಭಾಗದ ಹೆಸರು ಯಾವ ಮಾತಿನಲ್ಲಿದೆಯೋ ಅದನ್ನು ಹಾಗೇ ಫೋಟೋ ತೆಗೆದುಕೊಳ್ಳಿ. ಮುಂದೆ ಅದೇ ವಿಭಾಗಕ್ಕೆ ಬೇರೆ ಹೆಸರು ಬರೆದಿರಬಹುದು. ಒಂದು ಕಡೆ ‘ಮೂತ್ರಪಿಂಡ’, ಇನ್ನೊಂದು ಕಡೆ ‘ನೆಫ್ರಾಲಜಿ’, ಮತ್ತೊಂದು ಕಡೆ ‘ಡಯಾಲಿಸಿಸ್’. ನಾನು ಬೋರ್ಡು ಬರೆಸುವ ಕೆಲಸದಲ್ಲಿ ಕೈಜೋಡಿಸಿದ್ದಾಗ ಇದಕ್ಕೇ ಹೋರಾಡುತ್ತಿದ್ದೆ. ಗೇಟಿನಲ್ಲಿ ಒಂದು ಹೆಸರು ಕೊಟ್ಟರೆ ಕೊನೆಯ ಬಾಗಿಲ ತನಕ ಅದೇ ಹೆಸರು ಇರಬೇಕು. ಹೆಸರು ನಡುವೆ ಬದಲಾದರೆ, ಓದಲು ಬರುವವರೂ ಓದಲು ಬಾರದವರಷ್ಟೇ ಕಂಗಾಲಾಗುತ್ತಾರೆ.

ಸರಪಳಿ ಕಡಿದಿದೆ ಅಂತ ತಿಳಿಯುವುದು ಹೇಗೆ? ಒಂದು ಕವಲಿನಲ್ಲಿ ನಿಮ್ಮ ಹೆಸರು ಕಾಣಲಿಲ್ಲ ಅಂದರೆ ಗಾಬರಿ ಬೇಡ, ನೇರ ಹೋಗಿ. ಎರಡನೆಯ ಕವಲಿನಲ್ಲೂ ಕಾಣಲಿಲ್ಲ ಅಂದರೆ ಅಲ್ಲೇ ನಿಲ್ಲಿ. ಮುಂದೆ ಹೋದಷ್ಟೂ ತಪ್ಪು ಉದ್ದ ಆಗುತ್ತದೆ. ಕೊನೆಯ ಸಲ ಹೆಸರು ಕಂಡ ಬೋರ್ಡಿಗೆ ವಾಪಸ್ ಹೋಗಿ, ಅಲ್ಲಿಂದ ಕೇಳಿ.

ಬಾಣದ ಗುರುತಿನಲ್ಲೂ ಒಂದು ಮಾತು. ಮೇಲಕ್ಕೆ ತೋರಿಸುವ ಬಾಣ ಅಂದರೆ ಬೋರ್ಡಿನ ಭಾಷೆಯಲ್ಲಿ ‘ನೇರ ಮುಂದೆ ಹೋಗಿ’ ಅಂತ. ಆದರೆ ಅದು ಮೆಟ್ಟಿಲ ಪಕ್ಕದಲ್ಲಿ ಇದ್ದರೆ ಜನ ಮಹಡಿ ಹತ್ತಿಬಿಡುತ್ತಾರೆ. ಊದಿದ ಕಾಲಿನ ಅಪ್ಪ ಎರಡು ಮಹಡಿ ಹತ್ತಿ, ಮತ್ತೆ ಇಳಿಯುವುದು ಅಂದರೆ ನೆನೆಸಿಕೊಳ್ಳಿ. ಮೆಟ್ಟಿಲ ಹತ್ತಿರ ಮೇಲ್ಬಾಣ ಕಂಡರೆ, ಪಕ್ಕದಲ್ಲಿ ಮಹಡಿಯ ಸಂಖ್ಯೆ ಇದೆಯೇ ನೋಡಿ. ಸಂಖ್ಯೆ ಇಲ್ಲದಿದ್ದರೆ ಹತ್ತುವ ಮೊದಲು ಯಾರನ್ನಾದರೂ ಕೇಳಿ. ಮಹಡಿಯ ಲೆಕ್ಕದಲ್ಲೂ ಹಾಗೇ. ನಮ್ಮಲ್ಲಿ ನೆಲಮಹಡಿ ಸೊನ್ನೆ, ಅದರ ಮೇಲಿನದು ಮೊದಲ ಮಹಡಿ. 214 ಅಂತ ಕೋಣೆ ಸಂಖ್ಯೆ ಇದ್ದರೆ ಹೊಸ ಕಟ್ಟಡಗಳಲ್ಲಿ ಹೆಚ್ಚಾಗಿ ಎರಡನೆಯ ಮಹಡಿ. ಹಳೆಯ ಕಟ್ಟಡಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕೋಣೆಗಳಿಗೆ ಸುಮ್ನೆ ಸಾಲಾಗಿ ಸಂಖ್ಯೆ ಕೊಟ್ಟುಕೊಂಡು ಹೋಗಿರುತ್ತಾರೆ.

ದಾರಿ ಯಾರನ್ನು ಕೇಳಬೇಕು ಅನ್ನುವುದು ನನ್ನ ಮಟ್ಟಿಗೆ ಮ್ಯಾಪಿಗಿಂತ ದೊಡ್ಡ ವಿಷಯ. ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಕಂಡ ಕೂಡಲೇ ಜನ ಅವರ ಹಿಂದೆ ಓಡುತ್ತಾರೆ. ಅವರಲ್ಲಿ ಎಷ್ಟೋ ಜನ ಆ ತಿಂಗಳು ಹೊಸದಾಗಿ ಆ ಆವರಣಕ್ಕೆ ಬಂದ ವಿದ್ಯಾರ್ಥಿಗಳು. ತಮ್ಮ ವಾರ್ಡ್ ಬಿಟ್ಟು ಬೇರೆ ಗೊತ್ತಿರುವುದಿಲ್ಲ. ಸ್ಟ್ರೆಚರ್ ತಳ್ಳುವ ಗ್ರೂಪ್ ಡಿ ಸಿಬ್ಬಂದಿಯನ್ನು ಕೇಳಿ. ಅವರು ದಿನಕ್ಕೆ ಹತ್ತು ಸಲ ಒಂದು ಕಟ್ಟಡದಿಂದ ಇನ್ನೊಂದಕ್ಕೆ ರೋಗಿಯನ್ನು ತಳ್ಳಿಕೊಂಡು ಹೋಗುವವರು. ಮೆಟ್ಟಿಲಿಲ್ಲದ ದಾರಿ ಯಾವುದು, ಯಾವ ಲಿಫ್ಟ್ ಕೆಲಸ ಮಾಡುತ್ತಿದೆ, ಎಲ್ಲಿ ಮಳೆನೀರು ನಿಲ್ಲುತ್ತದೆ ಅನ್ನುವುದೆಲ್ಲ ಅವರ ಕಾಲಿಗೆ ಗೊತ್ತು. ‘ಅಣ್ಣಾ, ಗಾಲಿ ಕುರ್ಚಿ ಹೋಗೋ ದಾರಿ ಯಾವುದು?’ ಅಂತ ಕೇಳಿ. ‘ಹತ್ತಿರದ ದಾರಿ ಯಾವುದು?’ ಅಂತ ಕೇಳಿದರೆ ಮೆಟ್ಟಿಲ ದಾರಿ ಹೇಳಿಬಿಡುತ್ತಾರೆ, ಅದು ನಿಮಗೆ ಬೇಡ.

‘ಅಲ್ಲೇ ಮುಂದೆ’ ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ಬಿಡಬೇಡಿ. ‘ಅದಕ್ಕೆ ಮೊದಲು ಏನು ಸಿಗುತ್ತೆ?’ ಅಂತ ಇನ್ನೊಂದು ಪ್ರಶ್ನೆ ಕೇಳಿ. ‘ದೊಡ್ಡ ಮರ, ಆಮೇಲೆ ಕ್ಯಾಂಟೀನ್’ ಅಂತ ಹೇಳಿದರೆ, ಮರ ಸಿಕ್ಕ ಕೂಡಲೇ ನೀವು ಸರಿ ದಾರಿಯಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಕ್ಯಾಂಟೀನ್ ಸಿಗದಿದ್ದರೆ ಎಲ್ಲಿ ತಪ್ಪಿತು ಅಂತಲೂ ಗೊತ್ತಾಗುತ್ತದೆ.

ಈಗ ಅಪ್ಪನ ಕಾಲು. ನಾನು ಕೇಳುವುದು ಒಂದೇ, ಮನೆಯಲ್ಲೇ ಅಳೆದುಕೊಂಡು ಬನ್ನಿ. ಆರೋಗ್ಯವಾಗಿರುವವರು ಸಮ ನೆಲದಲ್ಲಿ ಒಂದು ಸೆಕೆಂಡಿಗೆ ಒಂದೂಕಾಲು ಮೀಟರಿನಷ್ಟು ನಡೆಯುತ್ತಾರೆ. ಮ್ಯಾಪು ಹೇಳುವ ನಿಮಿಷಗಳೂ ಹೆಚ್ಚುಕಡಿಮೆ ಈ ವೇಗದ್ದೇ. ಅಪ್ಪನಂಥವರು ಅದರಲ್ಲಿ ಅರ್ಧದಷ್ಟು ನಡೆದರೆ ಹೆಚ್ಚು. ಮನೆ ಮುಂದೆ 50 ಮೀಟರ್ ಗುರುತು ಮಾಡಿ, ಅಂದರೆ ನಿಮ್ಮ ಸುಮಾರು 70 ಹೆಜ್ಜೆ. ಅಪ್ಪ ಅವರ ಪಾಡಿಗೆ ನಡೆಯಲಿ, ಗಡಿಯಾರ ನೋಡಿ. 80 ಸೆಕೆಂಡ್ ಹಿಡಿಯಿತು ಅಂತ ಇಟ್ಟುಕೊಳ್ಳಿ. ಆಗ 500 ಮೀಟರಿಗೆ 800 ಸೆಕೆಂಡ್, ಹದಿಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟು ದೂರ ಒಂದೇ ಉಸಿರಿಗೆ ಆಗುವುದಿಲ್ಲ. ನೂರು ಮೀಟರಿಗೊಂದು ಸಲ ಎರಡು ನಿಮಿಷ ಕೂತರೆ ನಾಲ್ಕು ಸಲ ಎಂಟು ನಿಮಿಷ. ಒಟ್ಟು ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷ ಆಯಿತು. ಮ್ಯಾಪು ಅದಕ್ಕೇ ಏಳು ನಿಮಿಷ ಅನ್ನುತ್ತದೆ. ಮ್ಯಾಪ್ ನೋಡಿ ಹೊರಟವರು ಕಾಲು ಗಂಟೆ ತಡವಾಗುವುದು ಇಲ್ಲೇ.

ಆ ನೂರು ಮೀಟರಿನ ಕೂರುವ ಜಾಗಗಳನ್ನು ನಡೆಯುವ ಮೊದಲೇ ಕಣ್ಣಿನಲ್ಲಿ ಹುಡುಕಿಕೊಳ್ಳಿ. ಮರದ ಕಟ್ಟೆ, ಬೆಂಚು, ಕಟ್ಟಡದ ಜಗಲಿ, ಯಾವುದಾದರೂ ಸರಿ. ‘ಅಪ್ಪಾ, ಆ ಕಟ್ಟೆ ತನಕ’ ಅಂತ ಹೇಳಿದರೆ ಅವರಿಗೂ ಧೈರ್ಯ ಬರುತ್ತದೆ. ‘ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ’ ಅಂತ ಎಳೆದುಕೊಂಡು ಹೋಗಬೇಡಿ.

ಮನೆ ಮುಂದೆ 50 ಮೀಟರಿಗೇ ಏದುಸಿರು ಬಂದರೆ ಅವರನ್ನು ನಡೆಸುವುದೇ ಬೇಡ. ಗಾಲಿ ಕುರ್ಚಿ ಕೇಳಿ. ಗೇಟಿನ ಸೆಕ್ಯೂರಿಟಿಯವರು ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಹೆಚ್ಚಾಗಿ ತುರ್ತು ವಿಭಾಗದ ಬಾಗಿಲಲ್ಲಿ ಇಟ್ಟಿರುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಕುರ್ಚಿ ವಾಪಸ್ ಬರಲಿ ಅಂತ ಗುರುತಿನ ಚೀಟಿ ಇಟ್ಟುಕೊಳ್ಳುತ್ತಾರೆ. ನೋಂದಣಿಗೆ ಆಧಾರ್ ಬೇಕಾಗುತ್ತದೆ, ಆದ್ದರಿಂದ ಇಲ್ಲಿ ಬೇರೊಂದು ಕಾರ್ಡ್ ಕೊಡಿ. ಕುರ್ಚಿ ಸಿಕ್ಕ ಮೇಲೆ ಕಾಲಿಡುವ ಹಲಗೆ, ಬ್ರೇಕ್ ಎರಡನ್ನೂ ನೋಡಿ. ಇಳಿಜಾರಿನಲ್ಲಿ ಇಳಿಸುವಾಗ ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಇಳಿಸಿ. ಮುಂದಕ್ಕೆ ಇಳಿಸಿದರೆ ರೋಗಿ ಜಾರಿ ಬೀಳುತ್ತಾರೆ. ರ‍್ಯಾಂಪ್ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಅನ್ನುವುದು ನಿಯಮ. ಅದಕ್ಕಿಂತ ಕಡಿದಾಗಿದೆ ಅನ್ನಿಸಿದರೆ ಒಬ್ಬರೇ ತಳ್ಳಬೇಡಿ, ಯಾರನ್ನಾದರೂ ಕರೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ದಾರಿಯಲ್ಲಿ ಅಪ್ಪನಿಗೆ ಉಸಿರು ಕಟ್ಟಿದ ಹಾಗೆ ಆದರೆ, ಎದೆ ಹಿಡಿದುಕೊಂಡರೆ, ಮಾತು ತೊದಲಿದರೆ ಕಿಡ್ನಿ ವಿಭಾಗ ಹುಡುಕುತ್ತಾ ಹೋಗಬೇಡಿ. ಓಪಿಡಿ ಚೀಟಿ, ಕೌಂಟರ್ ಎಲ್ಲ ಆಮೇಲೆ. ಹತ್ತಿರದ ತುರ್ತು ವಿಭಾಗಕ್ಕೆ ನೇರ ಹೋಗಿ. ‘ತುರ್ತು ಚಿಕಿತ್ಸೆ’, ‘ಕ್ಯಾಶುಯಾಲ್ಟಿ’, ‘ಎಮರ್ಜೆನ್ಸಿ’ ಮೂರೂ ಒಂದೇ.

ಕಟ್ಟಡದ ಬಾಗಿಲು ಸಿಕ್ಕಿತು ಅಂದುಕೊಳ್ಳಿ. ಅಲ್ಲಿಗೆ ನಡಿಗೆ ಮುಗಿಯಲಿಲ್ಲ. ಡಾಕ್ಟರ ಕೋಣೆಗೆ ಹೋಗುವ ಮೊದಲು ನೋಂದಣಿ ಕೌಂಟರ್. ಆ ಕಿಟಕಿಯಲ್ಲಿ ರೆಫರ್ ಚೀಟಿ, ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ರಿಪೋರ್ಟುಗಳು, ಎಲ್ಲದರ ಜೆರಾಕ್ಸ್ ಕೈಯಲ್ಲಿರಲಿ. ಜೆರಾಕ್ಸ್ ಊರಲ್ಲೇ ಮಾಡಿಸಿಕೊಂಡು ಬನ್ನಿ. ಒಂದು ಜೆರಾಕ್ಸಿಗಾಗಿ ಕಟ್ಟಡದಿಂದ ಗೇಟಿನ ಹೊರಗೆ ಹೋಗಿ ಬರುವುದು ಅಂದರೆ ಇನ್ನೊಂದು ಸಲ ಇಡೀ ದಾರಿ ನಡೆದ ಹಾಗೆ. ಈಚೆಗೆ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಕೌಂಟರ್ ಪಕ್ಕ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಆಭಾ ಅನ್ನುವ ಸರ್ಕಾರಿ ಆರೋಗ್ಯ ಗುರುತಿನ ಸಂಖ್ಯೆ ಇದ್ದರೆ ಆ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಟೋಕನ್ ಪಡೆಯಬಹುದು, ಸಾಲಿನಲ್ಲಿ ನಿಲ್ಲುವುದು ಕಡಿಮೆ ಆಗುತ್ತದೆ. ಆಭಾ ಮಾಡಿಸುವುದನ್ನು ಮಧುಗಿರಿಯಲ್ಲೇ ಮುಗಿಸಿ.

ಕಿಡ್ನಿ ರೋಗಿಯ ಮೊದಲ ದಿನ ಹೇಗೆ ಹೋಗುತ್ತದೆ ಅಂತ ಹೇಳುತ್ತೇನೆ, ಅದರ ಪ್ರಕಾರ ಅಪ್ಪನನ್ನು ಎಲ್ಲಿ ಕೂರಿಸಬೇಕು ಅಂತ ನೀವೇ ಗೊತ್ತುಮಾಡಿಕೊಳ್ಳಿ. ನೋಂದಣಿ ಆಗುತ್ತದೆ. ಡಾಕ್ಟರ್ ನೋಡುತ್ತಾರೆ. ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನಿಂಗ್ ಬರೆಯುತ್ತಾರೆ. ರಕ್ತ ಕೊಡುವ ಜಾಗ ಒಂದು ಕಡೆ, ದುಡ್ಡು ಕಟ್ಟುವ ಕಿಟಕಿ ಇನ್ನೊಂದು ಕಡೆ, ಸ್ಕ್ಯಾನಿಂಗ್ ಮತ್ತೊಂದು ಕಡೆ ಇರಬಹುದು. ಆಮೇಲೆ ರಿಪೋರ್ಟ್ ಹಿಡಿದು ಮತ್ತೆ ಡಾಕ್ಟರ ಹತ್ತಿರ. ಕೊನೆಗೆ ಔಷಧಿ. ಇದರಲ್ಲಿ ಅಪ್ಪನ ಮೈ ಬೇಕಾಗಿರುವುದು ಡಾಕ್ಟರ ಕೋಣೆಗೆ, ರಕ್ತ ತೆಗೆಯುವಲ್ಲಿಗೆ, ಸ್ಕ್ಯಾನಿಂಗಿಗೆ ಮಾತ್ರ. ನೋಂದಣಿ, ದುಡ್ಡು ಕಟ್ಟುವುದು, ರಿಪೋರ್ಟ್ ತರುವುದು, ಔಷಧಿ ಇವೆಲ್ಲ ನಿಮ್ಮ ಕಾಲಿನ ಕೆಲಸ. ಇಬ್ಬರು ಜೊತೆಗೆ ಬಂದರೆ ಒಬ್ಬರು ಅಪ್ಪನ ಪಕ್ಕ, ಇನ್ನೊಬ್ಬರು ಓಡಾಟಕ್ಕೆ. ಒಬ್ಬರೇ ಬರುವುದಾದರೆ ಅಪ್ಪನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಮತ್ತು ವಿಭಾಗದ ಹೆಸರು ಬರೆದ ಚೀಟಿ ಇಡಿ. ಅಪ್ಪ ಕೂತ ಜಾಗದ ಹಿಂದಿನ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ಒಂದೇ ಥರದ ನಾಲ್ಕು ಕಾರಿಡಾರ್ ಇದ್ದರೆ, ಅಪ್ಪನನ್ನು ಎಲ್ಲಿ ಬಿಟ್ಟೆ ಅಂತ ನಿಮಗೇ ಮರೆಯಬಹುದು.

ಸ್ಕ್ಯಾನಿಂಗಿಗೆ ಕೆಲವೊಮ್ಮೆ ನೀರು ಕುಡಿದು, ಮೂತ್ರ ತಡೆದುಕೊಂಡು ಬನ್ನಿ ಅನ್ನುತ್ತಾರೆ. ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಿ. ಕಾಲು ಊದಿರುವ ಕಿಡ್ನಿ ರೋಗಿಗೆ ನೀರಿನ ಅಳತೆ ಇರುತ್ತದೆ, ಸುಮ್ನೆ ಬಾಟಲಿಗಟ್ಟಲೆ ಕುಡಿಸಬೇಡಿ. ಮತ್ತು ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಹೋಗಿ ಸಾಲು ಎಷ್ಟಿದೆ ಅಂತ ನೋಡಿದ ಮೇಲೆಯೇ ಕುಡಿಸಿ. ಮೊದಲೇ ಕುಡಿಸಿ ದೂರ ನಡೆಸಿದರೆ ದಾರಿಯಲ್ಲಿ ತಡೆಯಲಾಗುವುದಿಲ್ಲ. ಶೌಚಾಲಯ ಎಲ್ಲಿದೆ ಅನ್ನುವುದನ್ನು ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ನೋಡಿಟ್ಟುಕೊಳ್ಳಿ. ಅಪ್ಪ ಕೇಳಲು ಸಂಕೋಚ ಪಡುತ್ತಾರೆ, ನೀವೇ ಕೇಳಿ.

ಹೊರಡುವ ಗಂಟೆಯ ಲೆಕ್ಕ ಹಿಂದಿನಿಂದ ಹಾಕಿ. ನೋಂದಣಿ 11 ಗಂಟೆಗೆ ನಿಲ್ಲುತ್ತದೆ ಅಂತ ಫೋನಿನಲ್ಲಿ ಹೇಳಿದರು ಅಂತ ಇಟ್ಟುಕೊಳ್ಳೋಣ. ಸಾಲಿಗೆ ಒಂದು ಗಂಟೆ ಬಿಡಿ, 10 ಆಯಿತು. ಅಪ್ಪನ ನಡಿಗೆಗೆ ಇಪ್ಪತ್ತೆರಡು ನಿಮಿಷ, ದಾರಿ ಕೇಳಲು, ಒಂದು ಸಲ ತಪ್ಪಲು ಹದಿನೈದು ನಿಮಿಷ. ಅಂದರೆ ಗೇಟಿನಲ್ಲಿ 9:20ಕ್ಕೆ ಇರಬೇಕು. ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ರೋ ಹತ್ತಿ, ಲಿಫ್ಟಿನಲ್ಲಿ ಮೇಲೆ ಬಂದು ಗೇಟಿಗೆ ತಲುಪಲು ಅಪ್ಪನ ಜೊತೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನಿಮ್ಮ ಬಸ್ಸು 8:30ರ ಒಳಗೆ ಮೆಜೆಸ್ಟಿಕ್ ಮುಟ್ಟಬೇಕು. ಮಧುಗಿರಿಯಿಂದ ಅಷ್ಟು ಹೊತ್ತಿಗೆ ಬರುವ ಬಸ್ಸಿನಲ್ಲಿ ಅಪ್ಪನಿಗೆ ಸೀಟು ಸಿಗುವುದು ಕಷ್ಟ ಅನ್ನಿಸಿದರೆ ಹಿಂದಿನ ಸಂಜೆಯೇ ಬಂದು ನೆಂಟರ ಮನೆಯಲ್ಲಿ ಉಳಿಯಿರಿ. ಹಾಗೆ ಉಳಿದರೆ ಆ ಸಂಜೆ ನೀವೊಬ್ಬರೇ ಹೋಗಿ ಗೇಟಿನಿಂದ ಬಾಗಿಲ ತನಕ ಒಂದು ಸಲ ನಡೆದು ಬನ್ನಿ. ಮೆಟ್ಟಿಲು, ಕಟ್ಟೆ, ಲಿಫ್ಟ್, ಶೌಚಾಲಯ ನೋಡಿಕೊಂಡು ಬನ್ನಿ. ಇದಕ್ಕಿಂತ ಒಳ್ಳೆಯ ತಯಾರಿ ಇನ್ನೊಂದಿಲ್ಲ.

ವಾಪಸ್ ಬರುವ ದಾರಿಯದ್ದು ಒಂದು ಮಾತು ಬಾಕಿ ಇದೆ. ಹೋಗುವಾಗ ಪ್ರತಿ ತಿರುವಿನಲ್ಲಿ ಒಂದು ಸಲ ಹಿಂದೆ ತಿರುಗಿ ನೋಡಿ, ಆ ಕಡೆಯ ಫೋಟೋ ತೆಗೆಯಿರಿ. ಹೋಗುವಾಗ ಕಂಡ ಕಟ್ಟಡ ಬರುವಾಗ ಬೇರೆಯೇ ಮುಖ ತೋರಿಸುತ್ತದೆ. ಸಂಜೆ ಅಪ್ಪ ದಣಿದಿರುತ್ತಾರೆ, ನಿಮ್ಮ ಕೈಯಲ್ಲಿ ಔಷಧಿ ಚೀಲ ಇರುತ್ತದೆ, ಆಗ ಆ ಫೋಟೋ ನೋಡಿಕೊಂಡು ಬರಬಹುದು. ಬೆಳಗ್ಗೆ ಬಂದ ಗೇಟು ತೆರೆದೇ ಇರುತ್ತದೆಯೇ ಅಂತ ಬರುವಾಗಲೇ ಸೆಕ್ಯೂರಿಟಿಯವರನ್ನು ಕೇಳಿಟ್ಟುಕೊಳ್ಳಿ. ಮುಂದಿನ ತಾರೀಕಿಗೆ ಬರುವಾಗ ಅದೇ ಫೋಟೋಗಳು ಬೇಕಾಗುತ್ತವೆ. ಡಾಕ್ಟರ್ ಕೊಟ್ಟ ಓಪಿಡಿ ಪುಸ್ತಕದ ಹಿಂದಿನ ಪುಟದಲ್ಲಿ ‘ಇಂಥ ಗೇಟು, ಇಂಥ ಕಟ್ಟಡ, ಇಷ್ಟನೇ ಮಹಡಿ, ಇಂಥ ಕಿಟಕಿ’ ಅಂತ ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ನಿಮಗೆ ರಜೆ ಸಿಗದೆ ಅಪ್ಪನ ಜೊತೆ ತಮ್ಮನೋ ಅಳಿಯನೋ ಬಂದರೆ, ಅವರಿಗೆ ಆ ನಾಲ್ಕು ಸಾಲು ಸಾಕು.